ಸಂಘದ ಸದಸ್ಯತ್ವ ಕೋರಿ ಅರ್ಜಿ

ಇವರಿಗೆ,
ಅಧ್ಯಕ್ಷರು,
ಮುದ್ರಣಾಲಯ ಮಾಲೀಕರ ಸಂಘ

ಮಾನ್ಯರೇ,

ವಿಷಯ: ಸದಸ್ಯತ್ವಕ್ಕಾಗಿ ಮನವಿ

ನಮ್ಮದು ಆಫ್‌ಸೆಟ್ ಮುದ್ರಣ ಮತ್ತು ಬೈಂಡಿಂಗ್ ಎರಡನ್ನೂ ಒಂದೇ ಸೂರಿನಡಿ ಮಾಡುವ ಸಣ್ಣ ಮುದ್ರಣಾಲಯ. ಪಠ್ಯಪುಸ್ತಕ, ಲೆಕ್ಕಪುಸ್ತಕ, ರಸೀದಿ ಪುಸ್ತಕಗಳು ನಮ್ಮ ಮುಖ್ಯ ಕೆಲಸ. ಹೊಲಿಗೆ ಬೈಂಡಿಂಗ್ ಬಲ್ಲ ಹಿರಿಯ ಕೆಲಸಗಾರರು ನಮ್ಮಲ್ಲಿದ್ದಾರೆ; ಈ ಕಸುಬು ಅವರೊಂದಿಗೇ ಮುಗಿದುಹೋಗಬಾರದು ಎಂಬುದು ನಮ್ಮ ಕಾಳಜಿ. ಸದಸ್ಯರು ಕಳುಹಿಸುವ ಯುವಕ ಯುವತಿಯರಿಗೆ ಶುಲ್ಕವಿಲ್ಲದೆ ಕಲಿಸಲು ಸಿದ್ಧರಿದ್ದೇವೆ. ನಮ್ಮ ಕಾಗದ ಕತ್ತರಿಸುವ ಯಂತ್ರ ಬಿಡುವಾಗಿರುವ ಹೊತ್ತಿನಲ್ಲಿ ಇತರ ಸದಸ್ಯರೂ ಬಳಸಬಹುದು.

ಸಂಘದಿಂದ ನಮ್ಮ ಮೊದಲ ನಿರೀಕ್ಷೆ ಕಾಗದದ ಸಾಮೂಹಿಕ ಖರೀದಿ. ಒಂದೆರಡು ರೀಮು ಕೊಳ್ಳುವವರ ಮಾತಿಗೆ ಸಗಟು ವ್ಯಾಪಾರಿ ಬೆಲೆ ಕೊಡುವುದಿಲ್ಲ, ಒಟ್ಟಾಗಿ ಕೊಂಡರೆ ದರದ ಜೊತೆಗೆ ಗುಣಮಟ್ಟವನ್ನೂ ಕೇಳಿ ಪಡೆಯಬಹುದು. ಬಾಕಿ ಹಣ ಸತಾಯಿಸುವ ಗ್ರಾಹಕರ ವಿಷಯದಲ್ಲಿ ಸಂಘ ಮಧ್ಯಸ್ಥಿಕೆ ವಹಿಸಲಿ ಎಂದೂ ಬಯಸುತ್ತೇವೆ. ಪದಾಧಿಕಾರ ನಮ್ಮ ಉದ್ದೇಶವಲ್ಲ, ಆದರೆ ಸಭೆಗಳಲ್ಲಿ ಸಣ್ಣ ಮುದ್ರಣಾಲಯಗಳ ಮಾತಿಗೂ ಸಮಾನ ಅವಕಾಶವಿರಬೇಕು.

ನೋಂದಣಿ ಪತ್ರ ಮತ್ತು ತೆರಿಗೆ ದಾಖಲೆಗಳ ಪ್ರತಿಗಳನ್ನು ಲಗತ್ತಿಸಿದ್ದೇವೆ. ಮುಂದಿನ ಕಾರ್ಯಕಾರಿ ಸಭೆಯಲ್ಲಿ ಈ ಅರ್ಜಿಯನ್ನು ಪರಿಗಣಿಸಬೇಕಾಗಿ ಕೋರುತ್ತೇವೆ. ಅದಕ್ಕೂ ಮೊದಲು ಪ್ರತಿನಿಧಿಗಳು ನಮ್ಮ ಮುದ್ರಣಾಲಯಕ್ಕೆ ಬಂದು ಕೆಲಸ ನೋಡುವುದಾದರೆ ಸಂತೋಷದಿಂದ ಸ್ವಾಗತಿಸುತ್ತೇವೆ.

ತಮ್ಮ ವಿಶ್ವಾಸಿ,
ಮಾಲೀಕರು