ವಂದನಾರ್ಪಣೆ: ‘ಶಾಸನಗಳಲ್ಲಿ ಕೆರೆ’ ವಿಭಾಗೀಯ ವಿಚಾರ ಸಂಕಿರಣ

ಎಲ್ಲರಿಗೂ ನಮಸ್ಕಾರ.

ವಂದನಾರ್ಪಣೆ ಅಂತ ನಿರೂಪಕರು ಹೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಬ್ಯಾಗಿನ ಜಿಪ್ ಎಳೆದ ಸದ್ದು ಕೇಳಿಸಿತು. ಎಂ.ಎ. ಓದುವಾಗ ಎರಡು ವರ್ಷ ಅದೇ ಸಾಲಿನಲ್ಲಿ ಕೂತು ನಾನೂ ಅದನ್ನೇ ಮಾಡಿದ್ದೇನೆ. ಹಾಗಾಗಿ ಬೇಜಾರಿಲ್ಲ. ಐದು ನಿಮಿಷ ಕೊಡಿ, ಸಾಕು.

ಮೊದಲಿಗೆ ನಮ್ಮ ಇತಿಹಾಸ ವಿಭಾಗದ ಮುಖ್ಯಸ್ಥರಿಗೆ. ಕೆರೆಗಳ ಬಗ್ಗೆ ಒಂದು ದಿನದ ಸಂಕಿರಣ ಮಾಡೋಣ ಅಂತ ಸಂಶೋಧನಾ ವಿದ್ಯಾರ್ಥಿಗಳೆಲ್ಲ ಹೋಗಿ ಕೇಳಿದಾಗ, ಸರ್ ಖರ್ಚಿನ ಲೆಕ್ಕ ಕೇಳಲಿಲ್ಲ. “ಕೆರೆಗೆ ಇಳಿದವರು ಯಾರಾದ್ರೂ ಮಾತಾಡ್ತಾರಾ, ಇಲ್ಲ ಬರೀ ಶಾಸನ ಓದಿದವರಾ?” ಅಂದರು. ಮಧ್ಯಾಹ್ನದ ಗೋಷ್ಠಿ ಹುಟ್ಟಿದ್ದೇ ಆ ಮಾತಿನಿಂದ. ಖರ್ಚಿನ ಲೆಕ್ಕ ಆಮೇಲೆ ಕೇಳಿದರು, ಅದು ಬೇರೆ ವಿಷಯ. ಸರ್, ನಿಮಗೆ ವಿಭಾಗದ ಪರವಾಗಿ ವಂದನೆಗಳು.

ಬೆಳಿಗ್ಗೆ ಆಶಯ ಭಾಷಣ ಮಾಡಿದ ನಮ್ಮ ನಿವೃತ್ತ ಪ್ರಾಧ್ಯಾಪಕರಿಗೆ ವಂದನೆಗಳು. ತಾಳಗುಂದದ ಸ್ತಂಭ ಶಾಸನ ಅಂದರೆ ನಮಗೆಲ್ಲ ನೆನಪಾಗೋದು ಮಯೂರಶರ್ಮ ಕಂಚಿಗೆ ಹೋಗಿದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗಿದ್ದು. ಪರೀಕ್ಷೆಯಲ್ಲೂ ಅಷ್ಟನ್ನೇ ಬರೆದು ಪಾಸಾಗಿದ್ದೇವೆ. ಕಾಕುಸ್ಥವರ್ಮ ಶಿವಾಲಯದ ಹತ್ತಿರ ಕಟ್ಟಿಸಿದ ಕೆರೆಯ ಮಾತೂ ಅದೇ ಕಂಬದ ಮೇಲಿದೆ ಅನ್ನೋದನ್ನು ಸರ್ ಇವತ್ತು ಮತ್ತೆ ನೆನಪಿಸಿದರು. ಪದ್ಯ ಕಟ್ಟಿದ ಕವಿ ಕುಬ್ಜ, ಅದನ್ನು ಕಲ್ಲಿನ ಮೇಲೆ ಬರೆದವನೂ ತಾನೇ ಅಂತ ಹೇಳಿಕೊಂಡಿದ್ದಾನೆ. ಪ್ರಬಂಧ ಟೈಪ್ ಮಾಡಿಸಲು ಡಿಟಿಪಿ ಅಂಗಡಿ ಮುಂದೆ ಕಾಯುವ ನಮ್ಮಂಥವರು ಕೇಳಿಸಿಕೊಳ್ಳಬೇಕಾದ ಮಾತು, ಅಲ್ವಾ?

ಎರಡನೇ ಗೋಷ್ಠಿಯ ಅರ್ಧದಲ್ಲಿ ಕರೆಂಟ್ ಹೋಯಿತು. ನಾವೆಲ್ಲ ಗಾಬರಿಯಿಂದ ಪ್ರೊಜೆಕ್ಟರ್ ಹತ್ತಿರ ಓಡಿದೆವು. ಆಗ ಮಾತಾಡುತ್ತಿದ್ದ ಮೇಡಂ ಮಾತ್ರ ಸುಮ್ನೆ ಒಂದು ಚಾಕ್‌ಪೀಸ್ ಕೇಳಿ, ಏರಿ, ತೂಬು, ಕೋಡಿ ಎಲ್ಲವನ್ನೂ ಬೋರ್ಡಿನ ಮೇಲೆ ಬಿಡಿಸಿದರು. ನಿಜ ಹೇಳಬೇಕೆಂದರೆ ಸ್ಲೈಡಿಗಿಂತ ಆ ಚಿತ್ರವೇ ಜಾಸ್ತಿ ಅರ್ಥವಾಯಿತು. ದಯವಿಟ್ಟು ಯಾರೂ ಬೋರ್ಡ್ ಒರೆಸಬೇಡಿ, ಇನ್ನೂ ಫೋಟೊ ತೆಗೆದುಕೊಂಡಿಲ್ಲ.

ಇನ್ನು ಶಿಕಾರಿಪುರದ ಕಡೆಯಿಂದ ಬಂದ ನಮ್ಮ ನೀರುಗಂಟಿ ಅಜ್ಜ. ಅಜ್ಜಾ, ನಿಮಗೆ ಬರೀ ವಂದನೆ ಹೇಳಿದರೆ ಸಾಲದು. ನನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲಿ ಒಂದು ಕೋಷ್ಟಕವಿದೆ. ಕೆರೆಯನ್ನು ನೋಡಿಕೊಳ್ಳುವವರಿಗೆ ಬಿಟ್ಟ ಬಿತ್ತುವಟ್ಟದ ಭೂಮಿಯನ್ನು ಖಂಡುಗದಿಂದ ಎಕರೆಗೆ ತಿರುಗಿಸಿದ ಕೋಷ್ಟಕ. ಎಲ್ಲ ಊರಿಗೂ ಒಂದೇ ಲೆಕ್ಕ ಹಾಕಿದ್ದೆ. ಮಧ್ಯಾಹ್ನ ನಾನು ಅದನ್ನು ತೋರಿಸಿದಾಗ ನೀವು ಕೇಳಿದಿರಿ: “ಯಾವ ಖಂಡುಗ ತಾಯಿ? ಗದ್ದೆದೋ, ಹೊಲದ್ದೋ?” ಒಂದು ಖಂಡುಗ ಬೀಜ ಗದ್ದೆಯಲ್ಲಿ ಹಿಡಿಸುವಷ್ಟು ಜಾಗವೇ ಬೇರೆ, ಹೊಲದಲ್ಲಿ ಬೇರೆ. ಬಿತ್ತುವ ಬೀಜದ ಮೇಲೆ ನೆಲ ಅಳೆದ ಕಾಲದ ಲೆಕ್ಕವನ್ನು ನಾನು ಸ್ಕೇಲ್ ಇಟ್ಟು ಅಳೆದಿದ್ದೆ. ಸಭೆ ನಕ್ಕಿತು. ನಾನೂ ನಕ್ಕೆ, ಆದರೆ ನನ್ನ ಮುಖ ನನ್ನ ಗೈಡ್ ಮೇಡಂಗೆ ಚೆನ್ನಾಗಿ ಕಾಣಿಸುತ್ತಿತ್ತು. ಮೇಡಂ, ಕೋಷ್ಟಕ ಸೋಮವಾರದೊಳಗೆ ಸರಿ ಮಾಡಿ ತರುತ್ತೇನೆ. ನಾಲ್ಕು ಸಲ ತಿದ್ದಿಯೂ ನಿಮ್ಮ ತಾಳ್ಮೆ ಕೆಟ್ಟಿಲ್ಲ, ಐದನೇ ಸಲಕ್ಕೂ ಈಗಲೇ ವಂದನೆಗಳು.

ಗ್ರಂಥಾಲಯದ ಸಿಬ್ಬಂದಿಗೆ ವಂದನೆಗಳು. ಹೊರಗೆ ಕೊಡುವಂತಿಲ್ಲದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಳೆಯ ಸಂಪುಟಗಳನ್ನು ಪ್ರದರ್ಶನಕ್ಕೆ ಅಂತ ಅವರೇ ಹೊತ್ತು ತಂದರು. ಬಿ.ಎಲ್. ರೈಸ್ 1886ರಲ್ಲಿ ಹೊರತಂದ ಮೊದಲ ಸಂಪುಟ, ಕೊಡಗಿನದು, ಕೊನೆಯ ಮೇಜಿನ ಮೇಲಿದೆ. ಕಾಫಿ ಲೋಟ ಹಿಡಿದು ಅದರ ಹತ್ತಿರ ಹೋಗಬೇಡಿ ಅಂತ ಅವರ ಪರವಾಗಿ ನನ್ನ ವಿನಂತಿ.

ಕಾರಿಡಾರಿನಲ್ಲಿ ತೂಗುಹಾಕಿರುವ ಪಡಿಯಚ್ಚುಗಳನ್ನು ತೆಗೆದವರು ಮೊದಲ ವರ್ಷದ ಎಂ.ಎ. ಮಕ್ಕಳು. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಬ್ರಷ್‌ನಲ್ಲಿ ಬಡಿದು, ಮಸಿ ಒತ್ತಿ ತೆಗೆದದ್ದು. ಅರ್ಧ ಮಸಿ ಕಾಗದದಲ್ಲಿದೆ, ಇನ್ನರ್ಧ ಅವರ ಅಂಗಿಯಲ್ಲಿದೆ. ಮಕ್ಕಳೇ, ಮನೆಯಲ್ಲಿ ಬೈಸಿಕೊಂಡಿದ್ದಕ್ಕೂ ಸೇರಿಸಿ ಥ್ಯಾಂಕ್ಸ್.

ಸಹಿಗಾಗಿ ಫೈಲ್ ಹಿಡಿದು ಮೂರು ಮಹಡಿ ಹತ್ತಿ ಇಳಿದ ಕಚೇರಿಯ ಅಣ್ಣ, ಕರೆಂಟಿಲ್ಲದೆಯೂ ಮೈಕ್ ನಡೆಸಿದ ತಾಂತ್ರಿಕ ಸಿಬ್ಬಂದಿ, ಎಂಬತ್ತು ಜನಕ್ಕೆ ಅಂತ ಮಾಡಿದ ಚಿತ್ರಾನ್ನವನ್ನು ನೂರು ಜನಕ್ಕೆ ಬಡಿಸಿದ ಕ್ಯಾಂಟೀನಿನ ಅಕ್ಕಂದಿರು, ಬೇರೆ ವಿಭಾಗಗಳಿಂದ ಬಂದ ಅಧ್ಯಾಪಕರು, ಗೆಳೆಯರು, ಎಲ್ಲರಿಗೂ ವಂದನೆಗಳು.

ಪ್ರಮಾಣಪತ್ರಗಳನ್ನು ನೋಂದಣಿ ಮೇಜಿನಲ್ಲಿ ಕೊಡುತ್ತಾರೆ, ಹೆಸರು ಸರಿಯಿದೆಯಾ ಅಂತ ಅಲ್ಲೇ ನೋಡಿಕೊಳ್ಳಿ. ಅಜ್ಜನನ್ನು ಬಸ್ ಸ್ಟ್ಯಾಂಡಿಗೆ ನಾನೇ ಕರೆದುಕೊಂಡು ಹೋಗುತ್ತೇನೆ, ದಾರಿಯಲ್ಲಿ ಕೇಳಬೇಕಾದ್ದು ಇನ್ನೂ ಇದೆ. ಈಗ ರಾಷ್ಟ್ರಗೀತೆ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು.