2075ರ ಕೆ.ಆರ್. ಮಾರ್ಕೆಟ್, ಬೆಳಗ್ಗೆ ಆರೂಕಾಲು: ನಾಟಕದ ಬ್ಯಾಕ್‌ಡ್ರಾಪ್‌ಗೆ ಪ್ರಾಂಪ್ಟ್

ನಮ್ಮ ಹವ್ಯಾಸಿ ತಂಡದ ನಾಟಕಕ್ಕೆ ಸ್ಟೇಜ್ ಹಿಂದಿನ ಎಲ್‌ಇಡಿ ಸ್ಕ್ರೀನ್ ಮೇಲೆ ಹಾಕೋಕೆ ಒಂದು ಅಗಲವಾದ ಚಿತ್ರ ಬೇಕು, 16:9, ಫೋಟೊ ತೆಗೆದ ಹಾಗಿರ್ಬೇಕು, ಪೇಂಟಿಂಗ್ ಥರ ಬೇಡ. ಬೆಂಗಳೂರು, ಕೆ.ಆರ್. ಮಾರ್ಕೆಟ್ ಮುಂದಿನ ರಸ್ತೆ, ವರ್ಷ 2075, ಜನವರಿ, ಸೂರ್ಯ ಇನ್ನೂ ಹುಟ್ಟಿಲ್ಲ, ತೆಳು ಮಂಜು, ರಾತ್ರಿ ನೀರು ಹಾಕಿ ತೊಳೆದ ರಸ್ತೆ ಇನ್ನೂ ಒದ್ದೆ. ಕ್ಯಾಮೆರಾ ನಿಂತ ಮನುಷ್ಯನ ಕಣ್ಣೆತ್ತರದಲ್ಲಿ, 35 ಎಂಎಂ ಲೆನ್ಸ್, ಗೋಡೆಗಳ ಗೆರೆ ನೆಟ್ಟಗೆ. ಕೆಳಗಿನ ಮೂರನೇ ಒಂದು ಭಾಗ ಬರೀ ರಸ್ತೆ ಇರ್ಲಿ, ಅದರ ಮುಂದೆ ನಟರು ನಿಲ್ತಾರೆ.

ಎಡಗಡೆ ಮಧ್ಯದಲ್ಲಿ 1928ರ ಹಳೇ ಮಾರ್ಕೆಟ್ ಕಟ್ಟಡ, ಇವತ್ತು ಹೇಗಿದ್ಯೋ ಹಾಗೇ, ಕೆಡವಬಾರದು, ಗಾಜು ಹೊದಿಸಬಾರದು. ಅದರ ಹಿಂದೆ ಹೊಸ ಕಟ್ಟಡಗಳು, ಜಾಸ್ತಿ ಅಂದ್ರೆ 25 ಮಹಡಿ, ಎಲ್ಲಾ ಒಂದೇ ವರ್ಷ ಕಟ್ಟಿದ ಹಾಗೆ ಕಾಣಬಾರದು, ಒಂದು 20 ವರ್ಷ ಹಳೇದು, ಇನ್ನೊಂದಕ್ಕೆ ಮೇಲಿನ ನಾಲ್ಕು ಮಹಡಿ ಈಗಷ್ಟೇ ಸೇರಿಸ್ತಿದಾರೆ, ಸಾರುವೆ ಕಟ್ಟಿದೆ. ಗಾಳಿಲಿ ತೇಲೋ ಕಟ್ಟಡ ಬೇಡ, ಪ್ರತಿ ಕಂಬನೂ ನೆಲಕ್ಕೆ ಬಂದು ಕೂರಬೇಕು, ಭಾರ ಎಲ್ಲಿ ಇಳೀತಿದೆ ಅಂತ ನೋಡಿದವ್ರಿಗೆ ಗೊತ್ತಾಗ್ಬೇಕು. ಕೆಳಗಿನ ಮೂರು ಮಹಡಿ ಸಾದಹಳ್ಳಿ ಕಲ್ಲು, ಮೇಲೆ ಕೆಂಪು ಜಾಲಿ ಗೋಡೆ, ಪಶ್ಚಿಮದ ಕಡೆ ಕಿಟಕಿಗಳಿಗೆ ಆಳವಾದ ಸಜ್ಜಾ ಯಾಕಂದ್ರೆ ಮಧ್ಯಾಹ್ನದ ಬಿಸಿಲು ಆ ಕಡೆಯಿಂದಾನೇ ಹೊಡೆಯೋದು. ಕಾವೇರಿ ನೀರು 100 ಕಿ.ಮೀ. ದೂರದಿಂದ ಮೇಲಕ್ಕೆ ಪಂಪ್ ಮಾಡಿ ಬರೋ ಊರಿದು, ಅದಕ್ಕೆ ಪ್ರತಿ ತಾರಸಿ ಮೇಲೂ ಸೋಲಾರ್ ಹಾಳೆ, ಅದರ ಅಂಚಿಂದ ಮಳೆನೀರಿನ ದಪ್ಪ ಪೈಪು ಗೋಡೆ ಉದ್ದಕ್ಕೂ ಇಳಿದು ನೆಲದಡಿಯ ಸಂಪ್‌ಗೆ ಹೋಗ್ಲಿ, ಪೈಪಿನ ಕೀಲಲ್ಲಿ ಪಾಚಿ ಕಟ್ಟಿದ ಹಸಿರು ಕಲೆ ಇರ್ಲಿ. ಬಾಲ್ಕನಿಲಿ ಒಗೆದ ಬಟ್ಟೆ, ತುಳಸಿ ಕುಂಡ. ಜನ ವಾಸ ಮಾಡ್ತಿದಾರೆ ಅನ್ನಿಸ್ಬೇಕು, ಅದೇ ಮುಖ್ಯ.

ಬೋರ್ಡುಗಳ ವಿಷಯ ಸ್ವಲ್ಪ ಗಮನ ಇಟ್ಟು. ಒಟ್ಟು ಐದೇ ಬೋರ್ಡು, ಐದೂ ಖಾಲಿ, ಮ್ಯಾಟ್, ಒಂದೇ ಬಣ್ಣ, ಒಂದೂ ಅಕ್ಷರ ಬೇಡ, ಅಕ್ಷರದ ಥರದ ಗೀಚೂ ಬೇಡ. ಕನ್ನಡ ನಾನೇ ಆಮೇಲೆ ಕೂರಿಸ್ತೀನಿ, ಹೋದ ಸಲದ ಚಿತ್ರದಲ್ಲಿ ಮಾರುಕಟ್ಟೆಯ ಒತ್ತಕ್ಷರ ಪಕ್ಕದ ಕಿಟಕಿ ಮೇಲೆ ಹೋಗಿ ಕೂತಿತ್ತು, ನೋಡೋಕೆ ಸಂಕಟ ಆಯ್ತು. ಮೊದಲನೇದು ಮಾರ್ಕೆಟ್ ಕಮಾನಿನ ಮೇಲೆ, ಅಗಲ ಎತ್ತರದ ನಾಲ್ಕರಷ್ಟು, ಕ್ಯಾಮೆರಾಗೆ ನೇರವಾಗಿ. ಎರಡನೇದು ಬಲಗಡೆ ನೆಲದಡಿ ಮೆಟ್ರೊಗೆ ಇಳಿಯೋ ಬಾಗಿಲ ಮೇಲೆ, ಮೆಟ್ರೊ ಇವತ್ತಿನ ಹಾಗೇ ನೆಲದಡಿಲೇ ಓಡ್ಲಿ, ಮೇಲೆ ತರಬೇಡ. ಇನ್ನು ಮೂರು ಅಂಗಡಿ ಬೋರ್ಡು, ಒಂದೇ ಎತ್ತರದಲ್ಲಿ ಸಾಲಾಗಿ. ಒತ್ತಕ್ಷರ, ದೀರ್ಘ ಎಲ್ಲಾ ಬಂದಾಗ ಮೇಲೆ ಕೆಳಗೆ ಜಾಗ ಬೇಕಾಗುತ್ತೆ, ಅದಕ್ಕೆ ಬೋರ್ಡು ಸಣ್ಣ ಪಟ್ಟಿ ಥರ ಇರ್ಬಾರ್ದು. ತಂತಿ, ಕೊಂಬೆ, ನೆರಳು ಯಾವುದೂ ಅಡ್ಡ ಬರಬಾರದು.

ಗಾಡಿಗಳೆಲ್ಲಾ ರಸ್ತೆ ಎಡಗಡೆ, ಸ್ಟೀರಿಂಗ್ ಬಲಗಡೆ. ಹಾರೋ ಕಾರು ಒಂದೂ ಬೇಡ. ಮೂರು ಚಕ್ರದ ಎಲೆಕ್ಟ್ರಿಕ್ ಆಟೊ ಮೂರು, ಆಟೊನ ಆಕಾರ ಕಂಡ ತಕ್ಷಣ ಗೊತ್ತಾಗ್ಬೇಕು, ಬಾಗಿಲಿಲ್ಲ, ಎಕ್ಸಾಸ್ಟ್ ಪೈಪಿಲ್ಲ, ಸೀಟಿನ ಕೆಳಗೆ ಬ್ಯಾಟರಿ ಡಬ್ಬ. ಎರಡು ಕೀಲಿನ ಉದ್ದ ಬಸ್ಸು ಒಂದು, ಬಾಗಿಲು ಫುಟ್‌ಪಾತ್ ಕಡೆ, ನೆಲ ಫುಟ್‌ಪಾತಿಗೆ ಸಮ. ಮುಂದುಗಡೆ ಬಲಕ್ಕೆ ಹೂವಿನ ತಳ್ಳುಗಾಡಿ, ಅದಕ್ಕೆ ಸಣ್ಣ ಮೋಟಾರು ಇದೆ ಆದ್ರೆ ಹೆಂಗಸೊಬ್ರು ಕೈಯಲ್ಲೇ ಹಿಡ್ಕೊಂಡು ನಡೆಸ್ತಿದಾರೆ, ಬುಟ್ಟಿಲಿ ಸೇವಂತಿಗೆ, ಮೇಲೆ ಒದ್ದೆ ಗೋಣಿಚೀಲ ಅರ್ಧ ಸರಿಸಿದೆ, ಬಿದ್ದ ನಾಲ್ಕು ಹೂವು ಚಕ್ರಕ್ಕೆ ಸಿಕ್ಕಿ ಒದ್ದೆ ರಸ್ತೆಗೆ ಅಂಟ್ಕೊಂಡಿದೆ.

ಬಣ್ಣ ಇಷ್ಟೇ, ಇದರಾಚೆ ಹೋಗಬೇಡ:

```
#8A8580  ಕಲ್ಲು
#B7C4CC  ಮಂಜು, ಆಕಾಶ
#8E3B2E  ರೆಡ್ ಆಕ್ಸೈಡ್ ಕೆಂಪು
#2F4A3A  ಮಳೆಮರದ ಹಸಿರು
#F2B705  ಸೇವಂತಿಗೆ ಹಳದಿ
```

ಕಲ್ಲು, ಮಂಜು ಸೇರಿ ಹತ್ತರಲ್ಲಿ ಆರು ಪಾಲು, ಕೆಂಪು ಹಸಿರು ಮೂರು, ಹಳದಿ ಒಂದೇ ಪಾಲು. ಹಳದಿ ಬರೋದು ಹೂವಲ್ಲಿ, ಆಟೊ ಮೇಲ್ಛಾವಣಿಲಿ, ಬೀದಿದೀಪದ ಬೆಳಕಲ್ಲಿ ಮಾತ್ರ. ಶಿವನಸಮುದ್ರದ ಕರೆಂಟಿಂದ 1905ರಲ್ಲೇ ದೀಪ ಕಂಡ ಊರು, ಆ ದೀಪ ಬೆಚ್ಚಗೆ ಉರೀಲಿ. ಬೋರ್ಡುಗಳು ಕೆಂಪು, ಬಸ್ಸು ಹಸಿರು. ನೇರಳೆ, ಗುಲಾಬಿ ನಿಯಾನ್ ಎಲ್ಲೂ ಬೇಡ, ರಸ್ತೆಯ ನೀರಿನ ಪ್ರತಿಬಿಂಬದಲ್ಲೂ ಬೇಡ. ನಾಟಕದ ಮಧ್ಯಾಹ್ನ, ಸಂಜೆ, ರಾತ್ರಿ ದೃಶ್ಯಗಳಿಗೆ ಇದೇ ಜಾಗ, ಇದೇ ಕ್ಯಾಮೆರಾ, ಇದೇ ಐದು ಬಣ್ಣ, ಐದು ಬೋರ್ಡೂ ಇದ್ದಲ್ಲೇ ಇರ್ಬೇಕು, ಬೆಳಕು ಮಾತ್ರ ಬದಲಾಗ್ಲಿ.