ಪರಿಷ್ಕೃತ ಯೋಜನೆ: ತಂಡದ ಅಧ್ಯಾಯ ಮತ್ತು ಅದರೊಂದಿಗಿನ ಪತ್ರ

ಬಾಳೆಲೆ, ಪೊನ್ನಂಪೇಟೆ ತಾಲ್ಲೂಕು, ಕೊಡಗು
ಆಗಸ್ಟ್ 11

ಮಾನ್ಯರೇ,

ಕಳೆದ ತಿಂಗಳು ಗೋಣಿಕೊಪ್ಪಲಿನಲ್ಲಿ ಕುಳಿತು ತಾವು ಹೂಡಿಕೆಗಾಗಿ ನಾವು ಬರೆದ ಕಾಫಿ ಸಂಸ್ಕರಣಾ ಕೇಂದ್ರಗಳ ಯೋಜನೆಯನ್ನು ಮೊದಲಿನಿಂದ ಓದಿದಿರಿ. ಯಂತ್ರದ ಲೆಕ್ಕಕ್ಕೂ ಮಾರುಕಟ್ಟೆಯ ವಿವರಕ್ಕೂ ತಲೆದೂಗಿ, ತಂಡದ ಪುಟಕ್ಕೆ ಬಂದಾಗ ಕನ್ನಡಕ ತೆಗೆದಿಟ್ಟು, ‘ಇಲ್ಲಿ ಹೆಸರುಗಳಿವೆ, ಕೆಲಸ ಕಾಣಿಸುತ್ತಿಲ್ಲ’ ಎಂದಿರಿ. ಆಮೇಲೆ ಎರಡು ಪ್ರಶ್ನೆ ಕೇಳಿದಿರಿ. ಜನವರಿಯಲ್ಲಿ ನಡುರಾತ್ರಿ ಮಳೆ ಸುರಿದರೆ ಕಣದಲ್ಲಿ ಯಾರಿರುತ್ತಾರೆ? ತನ್ನದೇ ತೋಟದ ಕೊಯ್ಲು ನಡೆಯುವಾಗ ಬೋಪಣ್ಣ ಎಲ್ಲಿರುತ್ತಾರೆ? ಎರಡಕ್ಕೂ ನನ್ನ ಬಳಿ ಉತ್ತರವಿರಲಿಲ್ಲ.

ಮನೆಗೆ ಬಂದ ಮೇಲೆ ಆ ಪುಟವನ್ನು ತಿದ್ದಲು ಕುಳಿತೆ. ಮೊದಲ ದಿನ ನಾನು ಮಾಡಿದ್ದು ತಪ್ಪು ಕೆಲಸ: ಪದವಿಗಳ ಹೆಸರನ್ನು ಇನ್ನಷ್ಟು ಬಿಡಿಸಿ ಬರೆದೆ, ಅನುಭವದ ವರ್ಷಗಳನ್ನು ಕೂಡಿಸಿದೆ. ಓದಿ ನೋಡಿದರೆ ತಮ್ಮ ಪ್ರಶ್ನೆಗಳು ಇದ್ದಲ್ಲೇ ಇದ್ದವು. ಮರುದಿನ ಬೋಪಣ್ಣ, ಶಂಶುದ್ದೀನ್, ನಾನು ಮೂವರೂ ಕುಳಿತು ಡಿಸೆಂಬರ್ 15ರಿಂದ ಫೆಬ್ರವರಿ 12ರವರೆಗಿನ ಕೊಯ್ಲಿನ ಅರುವತ್ತು ದಿನಗಳನ್ನು ಒಂದು ದೊಡ್ಡ ಹಾಳೆಯಲ್ಲಿ ಗೆರೆ ಹಾಕಿ, ಗಂಟೆಗಂಟೆಗೆ ಯಾರು ಎಲ್ಲಿ ಎಂದು ತುಂಬಿಸತೊಡಗಿದೆವು. ಬಾಳೆಲೆಯ ಸಾಲು ತುಂಬಿತು. ಇನ್ನೆರಡು ಕೇಂದ್ರಗಳಾದ ತಿತಿಮತಿ ಮತ್ತು ಶ್ರೀಮಂಗಲದ ಸಾಲುಗಳಲ್ಲಿ ಸಂಜೆ ಐದರ ನಂತರ ಬರೆಯಲು ಯಾರೂ ಇರಲಿಲ್ಲ.

ಆದ್ದರಿಂದ ತಂಡದ ಅಧ್ಯಾಯವನ್ನು ತಿದ್ದಲು ಹೋಗಿ ಇಡೀ ಯೋಜನೆಯನ್ನೇ ತಿದ್ದಿದ್ದೇವೆ. ಮೂರು ಕೇಂದ್ರಗಳ ಬದಲು ಮೊದಲ ಕೊಯ್ಲಿಗೆ ಒಂದೇ ಕೇಂದ್ರ. ನಾವು ಕೇಳುವ ಮೊತ್ತ 84 ಲಕ್ಷದಿಂದ 58 ಲಕ್ಷಕ್ಕೆ ಇಳಿದಿದೆ. ಅದರೊಳಗೆ ಸಂಬಳದ ಪಾಲು ಮಾತ್ರ 6 ಲಕ್ಷದಿಂದ 22.14 ಲಕ್ಷಕ್ಕೆ ಏರಿದೆ. ಹಿಂದಿನ ಲೆಕ್ಕದಲ್ಲಿ ನಾವು ಮೂವರೂ ಪುಕ್ಕಟೆ ದುಡಿಯುತ್ತೇವೆಂದು ಬರೆದಿದ್ದೆವು. ಅದು ತ್ಯಾಗದಂತೆ ಕಾಣುತ್ತದೆಂದು ನಾನು ನಂಬಿದ್ದೆ. ಎರಡು ಮಕ್ಕಳ ಶಾಲಾ ಶುಲ್ಕ ಕಟ್ಟಬೇಕಾದ ಶಂಶುದ್ದೀನ್ ಅದನ್ನು ಓದಿ ಸುಮ್ಮನಾಗಿದ್ದರು; ಆ ಮೌನದ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಇನ್ನೊಂದು ಬದಲಾವಣೆಯನ್ನು ನಾನೇ ಹೇಳಿಬಿಡಬೇಕು. ಹಳೆಯ ಪ್ರತಿಯಲ್ಲಿ ಐವರು ಸಲಹೆಗಾರರ ಹೆಸರುಗಳಿದ್ದವು. ಐವರಿಗೂ ಫೋನ್ ಮಾಡಿ, ತಿಂಗಳಿಗೆ ಎಷ್ಟು ಹೊತ್ತು ಕೊಡಬಲ್ಲಿರಿ ಎಂದು ಕೇಳಿದೆ. ನಾಲ್ವರು ಪ್ರೀತಿಯಿಂದ ಹರಸಿದರು, ಸಮಯ ಹೇಳಲಿಲ್ಲ. ಅವರ ಹೆಸರುಗಳನ್ನು ತೆಗೆದಿದ್ದೇನೆ. ಉಳಿದವರು ಒಬ್ಬರು.

ತಿದ್ದಿದ ಅಧ್ಯಾಯ ಇದರ ಕೆಳಗಿದೆ.

ತಮ್ಮ ವಿಶ್ವಾಸಿ,
ದೇಚಮ್ಮ

---

ಅಧ್ಯಾಯ 4: ತಂಡ

ಕೆಲಸ ಏನು

ದಕ್ಷಿಣ ಕೊಡಗಿನ ಸಣ್ಣ ಬೆಳೆಗಾರರು ರೋಬಸ್ಟಾವನ್ನು ಹೆಚ್ಚಾಗಿ ಹಣ್ಣಿನ ಸಮೇತ ಕಣದಲ್ಲಿ ಒಣಗಿಸಿ ಚೆರಿಯಾಗಿ ಮಾರುತ್ತಾರೆ. ನಮ್ಮ ಕೇಂದ್ರ ಅದೇ ಹಣ್ಣನ್ನು ಕೊಯ್ದ ದಿನವೇ ಪಲ್ಪ್ ಮಾಡಿ, ಅಂದರೆ ಸಿಪ್ಪೆ ತಿರುಳು ಬಿಡಿಸಿ, ತೊಳೆದು, ತೆಳು ಹೊಟ್ಟಿರುವ ಬೀಜವಾದ ಪಾರ್ಚ್‌ಮೆಂಟ್ ಆಗಿ ಒಣಗಿಸಿ ಕೊಡುತ್ತದೆ. ಮಾರಾಟವಾಗುವವರೆಗೂ ಕಾಫಿ ಬೆಳೆಗಾರರದೇ. ನಾವು ಸಂಸ್ಕರಣೆಯ ಶುಲ್ಕವನ್ನೂ ಹೆಚ್ಚುವರಿ ಬೆಲೆಯಲ್ಲಿ ಒಂದು ಪಾಲನ್ನೂ ಪಡೆಯುತ್ತೇವೆ. ದಿನಕ್ಕೆ 3 ಟನ್ ಹಣ್ಣು, ಅರುವತ್ತು ದಿನ, 42 ಬೆಳೆಗಾರರು.

ಈ ಕೆಲಸ ಶುರುವಾಗುವುದೇ ಸಂಜೆ. ಕೊಯ್ಲಿನವರು ತೋಟದಿಂದ ಇಳಿದು, ಹಣ್ಣು ತೂಗಿ, ಚೀಲ ಕಟ್ಟುವ ಹೊತ್ತಿಗೆ ಐದಾಗುತ್ತದೆ. ಹಣ್ಣು ರಾತ್ರಿಯಿಡೀ ಚೀಲದಲ್ಲೇ ಕುಳಿತರೆ ಬಿಸಿಯೇರಿ ಹುಳಿಯುತ್ತದೆ, ಮರುದಿನ ಯಾವ ಯಂತ್ರವೂ ಅದನ್ನು ಸರಿಮಾಡದು. ಐದರಿಂದ ಹನ್ನೊಂದರವರೆಗೆ ಯಾರಿದ್ದಾರೆ ಎಂಬುದರ ಮೇಲೆ ಕಾಫಿಯ ಗುಣ ನಿಲ್ಲುತ್ತದೆ. ಕೆಳಗಿನ ಪ್ರತಿಯೊಬ್ಬರ ವಿವರವನ್ನೂ ಆ ಆರು ಗಂಟೆಗಳನ್ನು ಕಣ್ಣಮುಂದಿಟ್ಟುಕೊಂಡೇ ಬರೆದಿದ್ದೇವೆ.

ದೇಚಮ್ಮ, ಗುಣಮಟ್ಟ ಮತ್ತು ಆಡಳಿತ

ವಯಸ್ಸು 34. ಕಾಫಿ ಮಂಡಳಿಯ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ. ಬೆಂಗಳೂರಿನ ರಫ್ತು ಸಂಸ್ಥೆಯೊಂದರ ಪ್ರಯೋಗಾಲಯದಲ್ಲಿ ಎಂಟು ವರ್ಷ ಕಾಫಿ ರುಚಿ ನೋಡಿ ದರ್ಜೆ ನೀಡುವ ಕೆಲಸ. ಮಾರ್ಚ್‌ನಲ್ಲಿ ಆ ಕೆಲಸ ಬಿಟ್ಟು ಬಾಳೆಲೆಗೆ ಮರಳಿದ್ದಾರೆ. ಬೇರೆ ಯಾವ ಉದ್ಯೋಗವೂ ಇಲ್ಲ.

ಕೊಯ್ಲಿನ ಕಾಲದಲ್ಲಿ ಪ್ರತಿ ಸಂಜೆ ಹಣ್ಣು ತೆಗೆದುಕೊಳ್ಳುವ ಕಟ್ಟೆಯಲ್ಲಿ ಇರುವವರು ಇವರೇ. ಹಸಿರು ಕಾಯಿ ಹೆಚ್ಚಿರುವ ಚೀಲವನ್ನು ವಾಪಸ್ ಕಳುಹಿಸುವ ಅಧಿಕಾರ ಇವರೊಬ್ಬರಿಗೇ ಇದೆ. ಪಾರ್ಚ್‌ಮೆಂಟ್‌ನ ತೇವಾಂಶ ಶೇಕಡಾ 10ಕ್ಕೆ ಇಳಿಯುವವರೆಗೆ ಒಂದು ಚೀಲವೂ ಗೋದಾಮಿಗೆ ಹೋಗದಂತೆ ನೋಡಿಕೊಳ್ಳುವುದೂ ಇವರ ಹೊಣೆ. ಸಂಬಳ ತಿಂಗಳಿಗೆ 35,000 ರೂಪಾಯಿ.

ಇವರಿಗೆ ಇಲ್ಲದ ಅನುಭವ: ಸ್ವಂತವಾಗಿ ಉದ್ದಿಮೆ ನಡೆಸಿಲ್ಲ, ಹತ್ತು ಜನರಿಗಿಂತ ಹೆಚ್ಚು ಕೆಲಸಗಾರರನ್ನು ನೋಡಿಕೊಂಡಿಲ್ಲ.

ಬೋಪಣ್ಣ, ಬೆಳೆಗಾರರ ಸಂಪರ್ಕ

ವಯಸ್ಸು 41. ದೇಚಮ್ಮ ಅವರ ದೊಡ್ಡಪ್ಪನ ಮಗ. ಹನ್ನೆರಡು ವರ್ಷಗಳಿಂದ 11 ಎಕರೆ ರೋಬಸ್ಟಾ ತೋಟ ನೋಡಿಕೊಳ್ಳುತ್ತಿದ್ದಾರೆ. 42 ಬೆಳೆಗಾರರ ಒಪ್ಪಿಗೆ ಪತ್ರಗಳನ್ನು ಮನೆಮನೆಗೆ ಹೋಗಿ ತಂದವರು ಇವರು. ಯಾವ ತೋಟದಲ್ಲಿ ಹೂಮಳೆ ಸರಿಯಾಗಿ ಬಿತ್ತು, ಯಾರು ತುಂತುರು ನೀರಾವರಿ ಕೊಟ್ಟರು, ಯಾರ ಹಣ್ಣು ಯಾವ ವಾರ ಮಾಗುತ್ತದೆ ಎಂಬುದು ಇವರ ನೋಟ್‌ಬುಕ್ಕಿನಲ್ಲಿದೆ. ದಿನದ 3 ಟನ್ ಮಿತಿಯನ್ನು ಹಂಚುವುದು ಆ ನೋಟ್‌ಬುಕ್ಕಿನಿಂದಲೇ.

ಅವರ ತೋಟದ ಕೊಯ್ಲೂ ನಮ್ಮ ಕೇಂದ್ರದ ಕೊಯ್ಲೂ ಒಂದೇ ಕಾಲದಲ್ಲಿ ಬರುತ್ತವೆ. ಇದನ್ನು ಹಿಂದಿನ ಪ್ರತಿಯಲ್ಲಿ ನಾವು ಬರೆಯಲೇ ಇಲ್ಲ. ಈಗ ಆಗಿರುವ ಏರ್ಪಾಡು ಹೀಗಿದೆ: ಕೊಯ್ಲಿನ ಅರುವತ್ತು ದಿನ ತೋಟದ ಉಸ್ತುವಾರಿಯನ್ನು ಅವರ ಪತ್ನಿ ಮತ್ತು ಭಾವಮೈದುನ ವಹಿಸಿಕೊಳ್ಳುತ್ತಾರೆ. ಬೋಪಣ್ಣ ಮಧ್ಯಾಹ್ನ ಮೂರರವರೆಗೆ ತೋಟದಲ್ಲಿ, ಮೂರರ ನಂತರ ಕೇಂದ್ರದ ಗಾಡಿಯೊಂದಿಗೆ. ಹಣ್ಣು ತರುವ ಎರಡು ದಾರಿಗಳಲ್ಲಿ ಆನೆಗಳ ಓಡಾಟವಿದೆ. ಕತ್ತಲಾದ ಮೇಲೆ ಆ ದಾರಿಗಳಲ್ಲಿ ಗಾಡಿ ಕಳುಹಿಸುವುದಿಲ್ಲ. ಅಲ್ಲಿನ ಒಂಬತ್ತು ಬೆಳೆಗಾರರು ಬೆಳಗಿನ ಕೊಯ್ಲನ್ನು ಮಾತ್ರ ಕೊಡುತ್ತಾರೆ, ಅದನ್ನು ನಾಲ್ಕೂವರೆಯೊಳಗೆ ತರುತ್ತೇವೆ. ಸಂಬಳ 20,000 ರೂಪಾಯಿ, ಅರ್ಧ ದಿನದ ಕೆಲಸಕ್ಕೆ.

ಶಂಶುದ್ದೀನ್, ಯಂತ್ರ ಮತ್ತು ಕಣ

ಹಿಂದಿನ ಪ್ರತಿಯಲ್ಲಿ ಇವರು ‘ತಾಂತ್ರಿಕ ನೆರವು’ ಎಂಬ ಎರಡು ಪದಗಳೊಳಗೆ ಅಡಗಿದ್ದರು. ಈಗ ಮೂರನೆಯ ಸಂಸ್ಥಾಪಕರು.

ವಯಸ್ಸು 46. ಸಿದ್ದಾಪುರದಲ್ಲಿ ವರ್ಕ್‌ಶಾಪ್. ಇಪ್ಪತ್ತು ವರ್ಷಗಳಿಂದ ಎಸ್ಟೇಟುಗಳ ಪಲ್ಪರ್, ಡ್ರೈಯರ್, ಪಂಪುಗಳನ್ನು ದುರಸ್ತಿ ಮಾಡುತ್ತಿದ್ದಾರೆ. ಇವರ ಬಗ್ಗೆ ವರ್ಷಗಳ ಲೆಕ್ಕಕ್ಕಿಂತ ಕಳೆದ ಜನವರಿಯ ಒಂದು ರಾತ್ರಿಯನ್ನು ಹೇಳುವುದು ಮೇಲು. ಬೋಪಣ್ಣ ಅವರ ಕಣದಲ್ಲಿ ಪ್ರಯೋಗಕ್ಕೆಂದು 400 ಕಿಲೋ ಪಾರ್ಚ್‌ಮೆಂಟ್ ಹರಡಿದ್ದೆವು. ಹನ್ನೆರಡೂವರೆಗೆ ಮಳೆ ಬಂತು, ಕರೆಂಟು ಹೋಯಿತು. ಪಲ್ಪರಿನ ಬೆಲ್ಟ್ ಬದಲಿಸಲು ಬಂದು ಅಲ್ಲೇ ಉಳಿದಿದ್ದ ಶಂಶುದ್ದೀನ್ ನಮ್ಮನ್ನು ಎಬ್ಬಿಸುವ ಮೊದಲೇ ಅರ್ಧ ರಾಶಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿದ್ದರು. ಟಾರ್ಪಾಲಿನ ಕೆಳ ಅಂಚಿಗೆ ಗೋಣಿಚೀಲ ಸುತ್ತಿ ಒತ್ತಿ, ಹರಿಯುವ ನೀರು ಒಳಗೆ ನುಗ್ಗದಂತೆ ಕಣದ ಮೇಲ್ಬದಿಯಲ್ಲಿ ಬೂದಿ ಸುರಿದು ಸಣ್ಣ ಬದು ಕಟ್ಟಿದ್ದರು. ಬೆಳಿಗ್ಗೆ ತೇವಾಂಶ ನೋಡಿದರೆ ಹಿಂದಿನ ಸಂಜೆಗಿಂತ ಹೆಚ್ಚಿರಲಿಲ್ಲ. ಆ ಕಾಫಿಯ ಮಾದರಿಯನ್ನೇ ತಾವು ಗೋಣಿಕೊಪ್ಪಲಿನಲ್ಲಿ ಕುಡಿದಿದ್ದು.

ಕೊಯ್ಲಿನ ಕಾಲದಲ್ಲಿ ಇವರು ಕೇಂದ್ರದಲ್ಲೇ ತಂಗುತ್ತಾರೆ. ವರ್ಕ್‌ಶಾಪನ್ನು ಅವರ ತಮ್ಮ ನೋಡಿಕೊಳ್ಳುತ್ತಾರೆ. ರಾತ್ರಿಯ ಇಬ್ಬರು ಕೆಲಸಗಾರರು ಇವರ ಕೈಕೆಳಗೆ. ಪಲ್ಪಿಂಗ್ ನೀರು ಹೊಳೆಗೆ ಸೇರದಂತೆ ತಡೆಯುವ ಹೊಂಡಗಳ ಹೊಣೆಯೂ ಇವರದೇ, ಮಾಲಿನ್ಯ ನಿಯಂತ್ರಣ ಮಂಡಳಿಯ ದಾಖಲೆ ಮಾತ್ರ ದೇಚಮ್ಮ ಅವರದು. ಸಂಬಳ 30,000 ರೂಪಾಯಿ.

ಲೆಕ್ಕಪತ್ರ

ಪೊನ್ನಂಪೇಟೆಯ ಲಲಿತಾ ವಾರಕ್ಕೆ ಎರಡು ದಿನ ಬರುತ್ತಾರೆ, ತಿಂಗಳಿಗೆ 8,000 ರೂಪಾಯಿ. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದ ಅನುಭವವಿದೆ. ಬೆಳೆಗಾರರ ಮುಂಗಡ, ಅಂದರೆ ಕೊಯ್ಲಿನ ಕೂಲಿಗೆಂದು ಕಿಲೋ ಹಣ್ಣಿಗೆ ನಾವು ಕೊಡುವ 8 ರೂಪಾಯಿ, ಇವರ ಮತ್ತು ದೇಚಮ್ಮ ಅವರ ಎರಡು ಸಹಿಗಳಿಲ್ಲದೆ ಹೊರಗೆ ಹೋಗುವುದಿಲ್ಲ.

ಇಲ್ಲದಿರುವವರು

ಮಾರಾಟ ಗೊತ್ತಿರುವವರು ನಮ್ಮಲ್ಲಿ ಇಲ್ಲ. ದೇಚಮ್ಮ ಅವರಿಗೆ ಕಾಫಿ ಕೊಳ್ಳುವವರ ನಾಲಗೆ ಗೊತ್ತು, ಬೆಲೆಯ ಚೌಕಾಸಿ ಗೊತ್ತಿಲ್ಲ. ಇದು ಈ ತಂಡದ ದೊಡ್ಡ ಕೊರತೆ. ಹಣ ಬಂದ ಏಳನೆಯ ತಿಂಗಳಿನಿಂದ ತಿಂಗಳಿಗೆ 45,000 ರೂಪಾಯಿ ಸಂಬಳದಲ್ಲಿ ಒಬ್ಬರನ್ನು ಬೆಂಗಳೂರಿನಲ್ಲಿ ನೇಮಿಸುತ್ತೇವೆ. ಹಸಿರು ಕಾಫಿಯನ್ನು ರೋಸ್ಟರ್‌ಗಳಿಗೆ ಕನಿಷ್ಠ ಮೂರು ಕೊಯ್ಲು ಮಾರಿದವರೇ ಆಗಬೇಕು. ಅಲ್ಲಿಯವರೆಗೆ ದೇಚಮ್ಮ ಅವರೇ ಮಾದರಿಗಳನ್ನು ಹಿಡಿದು ಓಡಾಡುತ್ತಾರೆ. ಅದಕ್ಕಾಗಿಯೇ ಮೊದಲ ಕೊಯ್ಲಿನ ಗುರಿಯನ್ನು ಸುಮಾರು 36 ಟನ್ ಕಾಫಿಬೀಜಕ್ಕೆ ಸೀಮಿತಗೊಳಿಸಿದ್ದೇವೆ. ಹೆಚ್ಚುವರಿ ಬೆಲೆ ಸಿಗದ ಪಾಲನ್ನು ಕುಶಾಲನಗರದ ಕ್ಯೂರಿಂಗ್ ಘಟಕಗಳಿಗೆ ಅಂದಿನ ದರಕ್ಕೆ ಕಳುಹಿಸಿದರೂ ಬೆಳೆಗಾರರ ಮುಂಗಡ ಮುಳುಗುವುದಿಲ್ಲ.

ಸಲಹೆಗಾರರು ಒಬ್ಬರೇ: ಎಸ್ಟೇಟೊಂದರ ನಿವೃತ್ತ ವ್ಯವಸ್ಥಾಪಕರು. ಕೊಯ್ಲಿನಲ್ಲಿ ವಾರಕ್ಕೊಂದು ದಿನ ಕೇಂದ್ರಕ್ಕೆ ಬಂದು ಕೂರುತ್ತೇನೆಂದು ಬರೆದುಕೊಟ್ಟಿದ್ದಾರೆ.

ಪಾಲು ಮತ್ತು ಬದ್ಧತೆ

ಹೂಡಿಕೆಗೆ ಮುನ್ನ ಪಾಲುಗಳು: ದೇಚಮ್ಮ ಶೇಕಡಾ 45, ಬೋಪಣ್ಣ 30, ಶಂಶುದ್ದೀನ್ 10, ಮುಂದೆ ಬರುವ ನೌಕರರಿಗೆ 15. ಸಂಸ್ಥಾಪಕರ ಪಾಲು ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಕೈಸೇರುತ್ತದೆ. ಮೊದಲ ವರ್ಷ ಮುಗಿಯುವ ಮುನ್ನ ಬಿಟ್ಟುಹೋದವರಿಗೆ ಏನೂ ಇಲ್ಲ. ಶಂಶುದ್ದೀನ್ ಅವರ ಪಾಲು ಎರಡು ಕೊಯ್ಲು ಮುಗಿಸಿದ ಮೇಲೆ, ನೌಕರರ ಪಾಲಿನಿಂದ 5 ಸೇರಿ 15ಕ್ಕೆ ಏರುತ್ತದೆ.

ಇಬ್ಬರು ಸಂಸ್ಥಾಪಕರು ಒಂದೇ ಒಕ್ಕದವರು, ಅಂದರೆ ಒಂದೇ ಮನೆತನದವರು, ಕೇಂದ್ರದ ಜಾಗವೂ ಒಕ್ಕದ್ದೇ. ಮನೆಯ ಮಾತು ಕಣಕ್ಕೆ ಬರಬಾರದೆಂದು ಎರಡು ಕೆಲಸ ಮಾಡಿದ್ದೇವೆ. ಜಾಗದ ಗುತ್ತಿಗೆಗೆ ಒಕ್ಕದ ಹಿರಿಯರಾದ ಪಟ್ಟೆದಾರರ ಮತ್ತು ಹಕ್ಕಿರುವ ಉಳಿದೆಲ್ಲರ ಲಿಖಿತ ಒಪ್ಪಿಗೆ ಪಡೆದಿದ್ದೇವೆ; ನೋಂದಣಿ ಕೈಲ್ ಪೊಳ್ದ್ ಹಬ್ಬ ಮುಗಿದ ವಾರ ಆಗಲಿದೆ. ದೇಚಮ್ಮ ಮತ್ತು ಬೋಪಣ್ಣ ನಡುವೆ ಭಿನ್ನಾಭಿಪ್ರಾಯ ಬಂದರೆ ಶಂಶುದ್ದೀನ್ ಅವರ ಮತವೇ ತೀರ್ಮಾನ, ಕುಟುಂಬದ ಹಿರಿಯರದಲ್ಲ. ಇದಕ್ಕೆ ಮೂವರೂ ಸಹಿ ಹಾಕಿದ್ದೇವೆ.

58 ಲಕ್ಷದ ಹಂಚಿಕೆ, ಹದಿನೆಂಟು ತಿಂಗಳಿಗೆ: ಸಂಬಳ 22.14 ಲಕ್ಷ, ಬೆಳೆಗಾರರ ಮುಂಗಡ 14.40 ಲಕ್ಷ, ಯಂತ್ರ, ಕಣ, ನೀರಿನ ಹೊಂಡ ಮತ್ತು ಒಂದು ಕೊಯ್ಲಿನ ದಿನಗೂಲಿ ಸೇರಿ 21.46 ಲಕ್ಷ. ತಿತಿಮತಿ ಮತ್ತು ಶ್ರೀಮಂಗಲದ ಕೇಂದ್ರಗಳಿಗೆ ಇದರಲ್ಲಿ ಒಂದು ರೂಪಾಯಿಯೂ ಇಲ್ಲ. ಅಲ್ಲಿ ರಾತ್ರಿ ನಿಲ್ಲುವ ಶಂಶುದ್ದೀನ್‌ನಂತಹ ಒಬ್ಬೊಬ್ಬರು ಸಿಕ್ಕು, ಬಾಳೆಲೆಯಲ್ಲಿ ಒಂದು ಪೂರ್ತಿ ಕೊಯ್ಲು ನಮ್ಮೊಂದಿಗೆ ದುಡಿದ ಮೇಲೆ ಮಾತ್ರ ಆ ಕೇಂದ್ರಗಳಿಗಾಗಿ ತಮ್ಮ ಬಳಿ ಬರುತ್ತೇವೆ.